ಗೋಡೆಯ ಪತ್ರಿಕೆಗೊಂದು ಮನವಿ

ಮನವಿಪತ್ರವನ್ನು ಬರೆಯುವವರು ತಮ್ಮ ಆಸೆಯನ್ನು ಅದರಲ್ಲಿ ತೋಡಿಕೊಳ್ಳುತ್ತಾರೆ. ಅದನ್ನು ಓದುವವರು ತಮ್ಮ ಮೇಲೆ ಬೀಳಲಿರುವ ಹೊಣೆಯನ್ನು ಅದರಲ್ಲಿ ಹುಡುಕುತ್ತಾರೆ. ಇವೆರಡರ ನಡುವಣ ಅಂತರವನ್ನು ಅರಿಯದೆ ಬರೆದ ಪತ್ರಗಳು ಎಷ್ಟೇ ವಿನಯದಿಂದ ಕೂಡಿದ್ದರೂ ಅಧಿಕಾರಿಗಳ ಮೇಜಿನ ಮೂಲೆಯಲ್ಲಿ ಉಳಿದುಬಿಡುತ್ತವೆ. ಪತ್ರ ಬರೆದವರು ತಮ್ಮನ್ನು ಅಲಕ್ಷಿಸಲಾಯಿತೆಂದು ನೊಂದುಕೊಳ್ಳುತ್ತಾರೆ. ಪತ್ರವನ್ನು ಓದಿದವರಾದರೋ, ಉತ್ತರ ಕೊಡುವುದಕ್ಕೆ ಬೇಕಾದ ವಿಷಯವೇ ಅದರಲ್ಲಿ ಇರಲಿಲ್ಲವೆಂದುಕೊಳ್ಳುತ್ತಾರೆ. ಇಬ್ಬರ ಮಾತಿನಲ್ಲಿಯೂ ಸತ್ಯಾಂಶವುಂಟು. ಇದನ್ನು ಒಂದು ಉದಾಹರಣೆಯಿಂದ ವಿಚಾರಮಾಡಬಹುದು.

ಸಿಂದಗಿಯಲ್ಲಿ ಒಂದು ಪದವಿ ಕಾಲೇಜು. ಅಲ್ಲಿ ಒಂದು ಕನ್ನಡ ವಿಭಾಗ. ಮೊದಲನೆಯ ಮತ್ತು ಎರಡನೆಯ ವರ್ಷಗಳಲ್ಲಿ ಕನ್ನಡವನ್ನು ವಿಶೇಷವಾಗಿ ಓದುವವರು ಒಟ್ಟು 24 ಮಂದಿ. ಕೆಲವರು ಸುತ್ತಲಿನ ಹಳ್ಳಿಗಳಿಂದ ದಿನವೂ ಬಸ್ಸಿನಲ್ಲಿ ಬಂದುಹೋಗುವವರು. ಇಂಡಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳ ಕಡೆಯವರು ವಸತಿನಿಲಯದಲ್ಲಿ ಇರುವವರು. ಹೀಗೆಂದು ಭಾವಿಸಿಕೊಳ್ಳೋಣ. ಈ ವಿಭಾಗದ ಎರಡನೆಯ ವರ್ಷದ ವಿದ್ಯಾರ್ಥಿನಿಯೊಬ್ಬಳಿಗೆ, ವಿದ್ಯಾರ್ಥಿಗಳೇ ನಡೆಸುವ ಭಿತ್ತಿಪತ್ರಿಕೆಯೊಂದು ತಮ್ಮ ವಿಭಾಗಕ್ಕೆ ಬೇಕೆಂಬ ಆಸೆ ಹುಟ್ಟಿತು. ಭಿತ್ತಿಪತ್ರಿಕೆಯೆಂದರೆ ಕೈಬರಹದ ಪುಟಗಳನ್ನು ಡ್ರಾಯಿಂಗ್ ಹಾಳೆಗೆ ಅಂಟಿಸಿ, ಎಲ್ಲರೂ ನಿಂತು ಓದುವಂತೆ ಗೋಡೆಯ ಹಲಗೆಗೆ ಹಾಕುವ ಪತ್ರಿಕೆ. ಅದಕ್ಕೆ ಮುದ್ರಣಾಲಯ ಬೇಡ. ಹೆಚ್ಚಿನ ಹಣವೂ ಬೇಡ. ಆದರೆ ವಿಭಾಗದ ಗೋಡೆ ವಿಭಾಗದ ಮುಖ್ಯಸ್ಥರ ಅಧೀನದಲ್ಲಿರುವುದರಿಂದ ಅವರ ಒಪ್ಪಿಗೆ ಬೇಕು. ಆದಕಾರಣ ಅವಳು ಒಂದು ಪತ್ರವನ್ನು ಬರೆದಳು.

ಮೊದಲ ಪತ್ರ ಹೀಗಿತ್ತು: “ಮಾನ್ಯರೆ, ಸಾಹಿತ್ಯವು ಜೀವನದ ಕನ್ನಡಿಯಾಗಿದೆ. ವಿದ್ಯಾರ್ಥಿಗಳಲ್ಲಿ ಅಡಗಿರುವ ಪ್ರತಿಭೆಯು ಹೊರಬರಬೇಕಾದರೆ ಒಂದು ವೇದಿಕೆ ಅವಶ್ಯಕವಾಗಿದೆ. ಆದ್ದರಿಂದ ನಮ್ಮ ವಿಭಾಗದಲ್ಲಿ ವಿದ್ಯಾರ್ಥಿಗಳೇ ನಡೆಸುವ ಭಿತ್ತಿಪತ್ರಿಕೆಯನ್ನು ಪ್ರಾರಂಭಿಸಲು ದಯವಿಟ್ಟು ಅನುಮತಿ ನೀಡಬೇಕಾಗಿ ಪ್ರಾರ್ಥನೆ.”

ಈ ಪತ್ರದ ಭಾಷೆಯಲ್ಲಿ ದೋಷವಿಲ್ಲ. ಭಾವವೂ ಒಳ್ಳೆಯದೇ. ಆದರೆ ಇದರಲ್ಲಿರುವ ಪ್ರತಿಯೊಂದು ಮಾತನ್ನೂ ಬೇರೆ ಯಾವ ಊರಿನ, ಬೇರೆ ಯಾವ ವಿಭಾಗದ ವಿದ್ಯಾರ್ಥಿಯಾದರೂ ಬರೆಯಬಹುದಾಗಿತ್ತು. ಸಾಹಿತ್ಯದ ಮಹಿಮೆಯನ್ನು ಕನ್ನಡ ವಿಭಾಗದ ಮುಖ್ಯಸ್ಥರಿಗೆ ತಿಳಿಸಬೇಕಾದ ಅಗತ್ಯವಿಲ್ಲ. ಅವರು ಅದನ್ನು ಎಷ್ಟೋ ವರ್ಷಗಳಿಂದ ಪಾಠಹೇಳುತ್ತಿರುವವರು. ಅವರಿಗೆ ತಿಳಿಯದಿರುವುದು ಬೇರೆ. ಪತ್ರವನ್ನು ಓದಿದೊಡನೆ ಅವರ ಮನಸ್ಸಿನಲ್ಲಿ ಮೂರು ಪ್ರಶ್ನೆಗಳು ಏಳುತ್ತವೆ. ಈ ಪತ್ರಿಕೆಗೆ ಬೇಕಾದಷ್ಟು ಬರಹವನ್ನು ತಿಂಗಳು ತಿಂಗಳೂ ಬರೆಯುವವರು ಯಾರು? ಅದರಲ್ಲಿ ತಪ್ಪೋ ನಿಂದೆಯೋ ಬಂದರೆ ಉತ್ತರ ಹೇಳುವವರು ಯಾರು? ಈಗ ಉತ್ಸಾಹದಿಂದ ಕೇಳುತ್ತಿರುವವರು ಓದು ಮುಗಿಸಿ ಹೋದಮೇಲೆ ನಡೆಸುವವರು ಯಾರು? ಮೊದಲ ಪತ್ರದಲ್ಲಿ ಇವುಗಳಲ್ಲಿ ಒಂದಕ್ಕೂ ಉತ್ತರವಿರಲಿಲ್ಲ. ಮುಖ್ಯಸ್ಥರು “ನೋಡೋಣ” ಎಂದರು. ಅದು ಒಪ್ಪಿಗೆಯೂ ಆಗಿರಲಿಲ್ಲ, ನಿರಾಕರಣೆಯೂ ಆಗಿರಲಿಲ್ಲ.

ಮೊದಲನೆಯ ಪ್ರಶ್ನೆಯನ್ನು ತೆಗೆದುಕೊಳ್ಳೋಣ. ವಿದ್ಯಾರ್ಥಿ ಪತ್ರಿಕೆಗಳ ಮೊದಲ ಸಂಚಿಕೆ ಸಾಧಾರಣವಾಗಿ ತುಂಬಿ ತುಳುಕುತ್ತದೆ. ಬಹುದಿನಗಳಿಂದ ನೋಟುಪುಸ್ತಕದಲ್ಲಿ ಬಚ್ಚಿಟ್ಟಿದ್ದ ಕವಿತೆಗಳೆಲ್ಲ ಹೊರಗೆ ಬರುತ್ತವೆ. ಎರಡನೆಯ ಸಂಚಿಕೆಗೆ ಬರಹ ಕಡಮೆಯಾಗುತ್ತದೆ. ಮೂರನೆಯದನ್ನು ಸಂಪಾದಕರೇ ಕುಳಿತು ತುಂಬಿಸಬೇಕಾಗುತ್ತದೆ. ನಾಲ್ಕನೆಯದು ಹೊರಡುವುದೇ ಇಲ್ಲ. ಹಳೆಯ ಹಾಳೆಗಳು ಬಣ್ಣಗೆಟ್ಟು, ಅಂಚು ಸುರುಳಿ ಸುತ್ತಿಕೊಂಡು, ಗೋಡೆಯ ಮೇಲೆ ಹಾಗೆಯೇ ಉಳಿಯುತ್ತವೆ. ಇದಕ್ಕೆ ಉತ್ಸಾಹದ ಕೊರತೆ ಕಾರಣವೆಂದು ಹೇಳುವುದುಂಟು. ನಿಜವಾಗಿ ಕಾರಣ ಲೆಕ್ಕದ ಕೊರತೆ. ಎಷ್ಟು ಪುಟ ಬೇಕು, ಅದನ್ನು ಬರೆಯುವ ಕೈಗಳೆಷ್ಟು ಎಂಬುದನ್ನು ಯಾರೂ ಮೊದಲೇ ಎಣಿಸಿರುವುದಿಲ್ಲ.

ಆ ವಿದ್ಯಾರ್ಥಿನಿ ಎರಡನೆಯ ಬಾರಿ ಬರೆಯಲು ಕುಳಿತಾಗ ಮಾಡಿದ ಮೊದಲ ಕೆಲಸವೇ ಈ ಎಣಿಕೆ. ಎರಡು ಡ್ರಾಯಿಂಗ್ ಹಾಳೆಗಳನ್ನು ಅಕ್ಕಪಕ್ಕದಲ್ಲಿ ಇಟ್ಟರೆ ಅವುಗಳ ಮೇಲೆ ಎಂಟು ಪುಟಗಳು ಸಲೀಸಾಗಿ ಹಿಡಿಯುತ್ತವೆ. ನಿಂತು ಓದುವವರಿಗೆ ಕಾಣುವಷ್ಟು ದಪ್ಪವಾಗಿ ಬರೆದರೆ ಒಂದು ಪುಟದಲ್ಲಿ ಸುಮಾರು 200 ಪದಗಳು ಹಿಡಿಯುತ್ತವೆ. ಒಂದು ಸಂಚಿಕೆಗೆ ಎಂಟು ಪುಟ. ಒಂದು ಸೆಮಿಸ್ಟರಿನಲ್ಲಿ ಪರೀಕ್ಷೆಯ ದಿನಗಳನ್ನು ಬಿಟ್ಟು ತಿಂಗಳಿಗೆ ಒಂದರಂತೆ ಮೂರು ಸಂಚಿಕೆ. ಅಂದರೆ ಒಟ್ಟು 24 ಪುಟಗಳು. ವಿಭಾಗದಲ್ಲಿರುವ ವಿದ್ಯಾರ್ಥಿಗಳೂ 24 ಮಂದಿ. ಪ್ರತಿಯೊಬ್ಬರೂ ಸೆಮಿಸ್ಟರಿಗೆ ಒಂದು ಪುಟವನ್ನು ಬರೆದರೆ ಸಾಕು. ದೊಡ್ಡ ಭಾರವೆಂದು ತೋರಿದ ಕೆಲಸವು ಹಂಚಿಕೊಂಡಾಗ ಇಷ್ಟು ಹಗುರವಾಯಿತು.

ಆದರೂ ಹೆಸರು ಕೊಟ್ಟವರೆಲ್ಲ ಬರೆದೇ ಬಿಡುತ್ತಾರೆಂದು ನಂಬುವಂತಿಲ್ಲ. ಒಬ್ಬರಿಗೆ ಜ್ವರ ಬರಬಹುದು. ಇನ್ನೊಬ್ಬರ ಮನೆಯಲ್ಲಿ ತೊಗರಿಯ ರಾಶಿಯ ಕೆಲಸವಿರಬಹುದು. ಆದ್ದರಿಂದ ಎರಡು ಬರಹಗಳು ಯಾವಾಗಲೂ ಮುಂಗಡವಾಗಿ ಸಂಪಾದಕರ ಕೈಯಲ್ಲಿರಬೇಕು. ಹಾಗೆಯೇ ತಿಂಗಳ ನಾಲ್ಕು ವಾರಗಳಿಗೂ ಒಂದೊಂದು ಕೆಲಸ ಗೊತ್ತಾಗಿರಬೇಕು. ಮೊದಲ ವಾರದಲ್ಲಿ ಬರಹಗಳನ್ನು ಕೂಡಿಸುವುದು, ಎರಡನೆಯ ವಾರದಲ್ಲಿ ಪರಿಶೀಲಿಸುವುದು, ಮೂರನೆಯ ವಾರದಲ್ಲಿ ಅಂದವಾದ ಕೈಬರಹದವರು ಪ್ರತಿಮಾಡುವುದು, ನಾಲ್ಕನೆಯ ವಾರದ ಸೋಮವಾರ ಗೋಡೆಗೆ ಹಾಕುವುದು. ಪತ್ರಿಕೆ ಕೆಡುತ್ತಿದೆಯೆಂಬುದಕ್ಕೆ ಮೊದಲ ಗುರುತು ಮುಂಗಡ ಬರಹಗಳು ಮುಗಿಯುವುದು. ಎರಡನೆಯ ಗುರುತು ಒಂದೇ ಹೆಸರು ಒಂದು ಸಂಚಿಕೆಯಲ್ಲಿ ಮೂರು ಕಡೆ ಕಾಣಿಸುವುದು. ಈ ಗುರುತುಗಳನ್ನು ಕಂಡೊಡನೆ ಪುಟಗಳನ್ನು ಎಂಟರಿಂದ ಆರಕ್ಕೆ ಇಳಿಸುವುದು ವಿವೇಕ. ದೊಡ್ಡ ಸಂಚಿಕೆ ನಿಂತುಹೋಗುವುದಕ್ಕಿಂತ ಚಿಕ್ಕ ಸಂಚಿಕೆ ಹೊತ್ತಿಗೆ ಸರಿಯಾಗಿ ಬರುವುದು ಲೇಸು.

ಎರಡನೆಯ ಪ್ರಶ್ನೆ ಇದಕ್ಕಿಂತ ಕಠಿನವಾದುದು. ವಿದ್ಯಾರ್ಥಿಗಳೇ ನಡೆಸುವ ಪತ್ರಿಕೆಯೆಂದ ಮೇಲೆ ಕೊನೆಯ ಮಾತು ಯಾರದು? ಮುಖ್ಯಸ್ಥರು ಪ್ರತಿಯೊಂದು ಸಾಲನ್ನೂ ಓದಿ ಸಹಿಹಾಕಿದ ಮೇಲೆಯೇ ಪುಟ ಗೋಡೆಗೆ ಹೋಗಬೇಕೆಂದು ಕೆಲವರು ಹೇಳುವರು. ಹಾಗೆ ಮಾಡಿದರೆ ಪತ್ರಿಕೆ ಗುರುಗಳದಾಗುತ್ತದೆ. ವಿದ್ಯಾರ್ಥಿಗಳು ಕೇವಲ ಪ್ರತಿಕಾರರಾಗುತ್ತಾರೆ. ಅಲ್ಲದೆ ಮುಖ್ಯಸ್ಥರಿಗೆ ಪಾಠ, ಪರೀಕ್ಷೆ, ಕಚೇರಿಯ ಕಾಗದಪತ್ರಗಳ ನಡುವೆ ಎಂಟು ಪುಟಗಳನ್ನು ತಿದ್ದುವ ಬಿಡುವು ಎಲ್ಲಿಯದು? ಅವರ ಮೇಜಿನ ಮೇಲೆಯೇ ಸಂಚಿಕೆ ತಡವಾಗುತ್ತದೆ. ಯಾರೂ ಏನನ್ನೂ ನೋಡಬೇಕಾಗಿಲ್ಲವೆಂದು ಮತ್ತೆ ಕೆಲವರು ಹೇಳುವರು. ಅದೂ ಸರಿಯಲ್ಲ. ವಿಭಾಗದ ಗೋಡೆಯ ಮೇಲೆ ಒಬ್ಬರ ಮಾನಕ್ಕೆ ಕುಂದು ತರುವ ಮಾತು ಬಂದರೆ ಮೊದಲು ಕರೆಯಿಸಿಕೊಳ್ಳುವುದು ಮುಖ್ಯಸ್ಥರನ್ನು. ತಾನು ಓದದ ಮಾತಿಗೆ ತಾನು ಉತ್ತರ ಹೇಳಬೇಕಾದ ಸ್ಥಿತಿಯನ್ನು ಯಾವ ಹಿರಿಯರೂ ಒಪ್ಪಲಾರರು.

ಇವೆರಡರ ನಡುವೆ ಒಂದು ದಾರಿಯುಂಟು. ಎಲ್ಲ ಬರಹಗಳನ್ನೂ ಇಬ್ಬರು ವಿದ್ಯಾರ್ಥಿ ಸಂಪಾದಕರು ಬೇರೆಬೇರೆಯಾಗಿ ಓದಬೇಕು. ಬದುಕಿರುವ ವ್ಯಕ್ತಿಯೊಬ್ಬರ ವಿಷಯ ಬಂದಿದ್ದರೆ ಅಥವಾ ಕಾಲೇಜಿನ ವ್ಯವಸ್ಥೆಯ ಮೇಲೆ ದೂರು ಇದ್ದರೆ, ಅಂಥ ಪುಟವನ್ನು ಮಾತ್ರ ಮುಖ್ಯಸ್ಥರಿಗೆ ಮೊದಲೇ ತೋರಿಸಬೇಕು. ಅವರು ಬೇಡವೆಂದರೆ ಕಾರಣವನ್ನು ಒಂದು ಸಾಲಿನಲ್ಲಾದರೂ ಬರೆದುಕೊಡಬೇಕು. ಕಾರಣವಿಲ್ಲದ ನಿರಾಕರಣೆ ಬರೆಯುವವನಿಗೆ ಏನನ್ನೂ ಕಲಿಸುವುದಿಲ್ಲ. ಬರೆದುಕೊಟ್ಟ ಕಾರಣ ಕಲಿಸುತ್ತದೆ. ಈ ಷರತ್ತನ್ನು ವಿದ್ಯಾರ್ಥಿನಿಯು ಪತ್ರದಲ್ಲಿ ಸೇರಿಸಲು ಮೊದಲು ಅಂಜಿದಳು. ಗುರುಗಳಿಗೆ ಷರತ್ತು ಹಾಕಿದಂತಾಗುವುದೆಂದು ಅವಳ ಗೆಳತಿಯರೂ ಹೇಳಿದರು. ಆದರೆ ಹೊಣೆಯನ್ನು ತಾವು ಹೊತ್ತುಕೊಳ್ಳುತ್ತೇವೆಂದು ಹೇಳುವವರು, ಅದರೊಡನೆ ಬರುವ ಒಂದು ಚಿಕ್ಕ ಹಕ್ಕನ್ನು ವಿನಯದಿಂದ ಕೇಳುವುದು ಅವಿಧೇಯತೆಯಾಗಲಾರದು.

ದೂರಿನ ಪುಟವನ್ನು ಹೇಗೆ ನಡೆಸಬಹುದೆಂಬುದನ್ನು ನೋಡೋಣ. ಹಳ್ಳಿಯಿಂದ ಬರುವ ಹುಡುಗನೊಬ್ಬ ಹೀಗೆ ಬರೆದನೆನ್ನೋಣ: “ಗ್ರಂಥಾಲಯವು ಮಧ್ಯಾಹ್ನದ ಬಿಡುವಿನಲ್ಲಿಯೇ ಮುಚ್ಚಿರುತ್ತದೆ. ಸಂಜೆ ಪಾಠ ಮುಗಿಯುವ ಹೊತ್ತಿಗೆ ಬಸ್ಸು ಹೊರಡುತ್ತದೆ. ಹೀಗಾಗಿ ಬಸ್ಸಿನವರಿಗೆ ಪುಸ್ತಕ ಸಿಗುವುದೇ ಇಲ್ಲ.” ಇದನ್ನು ಹಾಗೆಯೇ ಗೋಡೆಗೆ ಹಾಕಿದರೆ ಗ್ರಂಥಪಾಲಕರು ನೊಂದುಕೊಳ್ಳುತ್ತಾರೆ. ತಡೆದುಬಿಟ್ಟರೆ ಹುಡುಗ ನೊಂದುಕೊಳ್ಳುತ್ತಾನೆ. ಪುಸ್ತಕದ ತೊಂದರೆಯೂ ಹಾಗೆಯೇ ಉಳಿಯುತ್ತದೆ. ಸಂಪಾದಕರು ಆ ಪುಟವನ್ನು ಗ್ರಂಥಪಾಲಕರಿಗೆ ತೋರಿಸಿ, ಎರಡು ದಿನಗಳಲ್ಲಿ ಉತ್ತರ ಬರೆದುಕೊಡಿರೆಂದು ಕೇಳಬೇಕು. ತಾವೊಬ್ಬರೇ ಇರುವುದರಿಂದ ಊಟದ ಹೊತ್ತಿನಲ್ಲಿ ಬಾಗಿಲು ಹಾಕಬೇಕಾಗುತ್ತದೆಯೆಂದೂ, ಬೆಳಗಿನ ಮೊದಲ ತರಗತಿಗೆ ಮುಂಚೆ ಅರ್ಧ ಗಂಟೆ ತೆರೆಯಬಲ್ಲೆನೆಂದೂ ಅವರು ಬರೆದಾರು. ಆಗ ದೂರನ್ನೂ ಉತ್ತರವನ್ನೂ ಒಂದರ ಪಕ್ಕದಲ್ಲೊಂದು ಅಂಟಿಸಬೇಕು. ಒಂದೇ ಹಾಳೆಯ ಮೇಲೆ ಇಬ್ಬರ ಮಾತನ್ನೂ ಓದಿದವರು ತಾವೇ ತೂಗಿ ನೋಡಬಲ್ಲರು.

ತಪ್ಪುಗಳ ವಿಷಯವೂ ಇದರೊಡನೆ ಬರುತ್ತದೆ. ಆ ಕಾಲೇಜಿನ ವಿದ್ಯಾರ್ಥಿಗಳಿಗೆ ಬರೆಯಲು ಎಲ್ಲಕ್ಕಿಂತ ಹತ್ತಿರವಾದ ವಸ್ತು ಅವರ ಊರುಗಳೇ. ಹಿಂದೆ ಇಂಡಿ ತಾಲ್ಲೂಕಿಗೆ ಸೇರಿದ್ದ ಹಲಸಂಗಿಯಲ್ಲಿ ಮಧುರಚೆನ್ನ, ಸಿಂಪಿ ಲಿಂಗಣ್ಣ, ಪಿ. ಧೂಲಾಸಾಹೇಬ, ಕಾಪಸೆ ರೇವಪ್ಪ ಮೊದಲಾದ ಗೆಳೆಯರು ಹೆಂಗಸರ ಬಾಯಲ್ಲಿದ್ದ ಹಾಡುಗಳನ್ನು ಕೂಡಿಸಿದರು. ಅವರ ಶ್ರಮದಿಂದ ‘ಗರತಿಯ ಹಾಡು’ 1931ರಲ್ಲಿ ಪುಸ್ತಕವಾಗಿ ಹೊರಬಂದಿತು. ಆ ನಾಡಿನ ವಿದ್ಯಾರ್ಥಿನಿಯೊಬ್ಬಳು ತನ್ನ ಅಜ್ಜಿ ಹೇಳಿದ ಬೀಸುವ ಕಲ್ಲಿನ ತ್ರಿಪದಿಯನ್ನು ಪತ್ರಿಕೆಗೆ ತಂದುಕೊಡುತ್ತಾಳೆ. ಇದು ಇದುವರೆಗೆ ಯಾರೂ ಬರೆದಿಡದ ಹಾಡೆಂದು ತಲೆಬರಹವನ್ನೂ ಕೊಡುತ್ತಾಳೆ. ಇಲ್ಲಿ ಸಂಪಾದಕರು ಎಚ್ಚರವಾಗಬೇಕು. ಅದೇ ತ್ರಿಪದಿ ‘ಗರತಿಯ ಹಾಡು’ವಿನಲ್ಲಿ ಈಗಾಗಲೇ ಇರಬಹುದು. ಗ್ರಂಥಾಲಯದಿಂದ ಪುಸ್ತಕವನ್ನು ತಂದು ಹೋಲಿಸಿ ನೋಡಿದರೆ ಅರ್ಧ ಗಂಟೆಯಲ್ಲಿ ಗೊತ್ತಾಗುತ್ತದೆ. ಅಲ್ಲಿ ಇದ್ದರೆ ಅಜ್ಜಿಯ ಹಾಡಿನ ಬೆಲೆ ಕಡಮೆಯಾಗುವುದಿಲ್ಲ. ಪುಸ್ತಕದಲ್ಲಿ ಒಂದು ಮಾತು, ಅಜ್ಜಿಯ ಬಾಯಲ್ಲಿ ಇನ್ನೊಂದು ಮಾತು ಇರುವುದು ಸಾಮಾನ್ಯ. ಆ ವ್ಯತ್ಯಾಸವನ್ನು ತೋರಿಸಿದರೆ ಪುಟ ಮತ್ತಷ್ಟು ಒಳ್ಳೆಯದಾಗುತ್ತದೆ. ಯಾರೂ ಬರೆದಿಡದ ಹಾಡೆಂಬ ತಲೆಬರಹವನ್ನು ಮಾತ್ರ ತೆಗೆಯಬೇಕು.

ಅಂಥ ಪುಟದ ಕೆಳಗೆ ಹಾಡಿದವರ ಹೆಸರು, ಊರು, ಕೇಳಿ ಬರೆದುಕೊಂಡ ತಿಂಗಳು ಇರಬೇಕು. ಹೆಸರು ಹಾಕಬಹುದೆ ಎಂದು ಹಾಡಿದವರನ್ನೇ ಕೇಳಬೇಕು. ಅವರು ಬೇಡವೆಂದರೆ ಊರಿನ ಹೆಸರೊಂದೇ ಸಾಕು. ಅಜ್ಜಿಯ ಮಾತನ್ನು ಪುಸ್ತಕದ ಮಾತಿಗೆ ತಿದ್ದುವ ಚಪಲವನ್ನೂ ತಡೆದುಕೊಳ್ಳಬೇಕು. ಹಾಡಿದವರ ನುಡಿ ತಪ್ಪೆಂದು ಪ್ರತಿಮಾಡುವವರು ತಿದ್ದಿದರೆ ಹಾಡಿನ ಅರ್ಧ ಜೀವ ಹೋದಂತೆ. ಇಷ್ಟೆಲ್ಲ ಎಚ್ಚರಿಕೆಯ ನಂತರವೂ ತಪ್ಪು ನುಸುಳುವುದುಂಟು. ಆಗ ಮುಂದಿನ ಸಂಚಿಕೆಯಲ್ಲಿ ಅದೇ ಜಾಗದಲ್ಲಿ, ಅದೇ ಗಾತ್ರದ ಅಕ್ಷರಗಳಲ್ಲಿ ತಿದ್ದುಪಡಿಯನ್ನು ಹಾಕಬೇಕು. ಮೂಲೆಯಲ್ಲಿ ಸಣ್ಣಕ್ಷರದಲ್ಲಿ ಬರೆದ ತಿದ್ದುಪಡಿಯನ್ನು ಯಾರೂ ಓದಲಾರರು.

ಇನ್ನು ಮೂರನೆಯ ಪ್ರಶ್ನೆ: ಮುಂದೆ ನಡೆಸುವವರು ಯಾರು? ಈ ಪ್ರಶ್ನೆಗೆ ಉತ್ತರವನ್ನು ಇಂಡಿ ತಾಲ್ಲೂಕಿನ ನೆಲವೇ ಸಾವಿರ ವರ್ಷಗಳ ಹಿಂದೆ ಹೇಳಿದೆ. ಅಲ್ಲಿಯ ಸಾಲೋಟಗಿಯಲ್ಲಿ ರಾಷ್ಟ್ರಕೂಟರ ಮೂರನೆಯ ಕೃಷ್ಣನ ಕಾಲದ, ಕ್ರಿ.ಶ. 945ರ ಶಾಸನವೊಂದಿದೆ. ಕೃಷ್ಣನ ಮಂತ್ರಿ ನಾರಾಯಣನು ಅಲ್ಲಿ ಕಟ್ಟಿಸಿದ ಶಾಲೆಯ ವಿಷಯ ಅದರಲ್ಲಿ ಬರುತ್ತದೆ. ಬೇರೆಬೇರೆ ನಾಡುಗಳಿಂದ ಓದಲು ಬಂದವರು ಅಲ್ಲಿದ್ದರು. ಅವರ ವಾಸಕ್ಕಾಗಿ 27 ಮನೆಗಳನ್ನು ಕೊಟ್ಟುದನ್ನು ಶಾಸನ ಹೇಳುತ್ತದೆ. ಅದಕ್ಕಿಂತ ಗಮನಿಸಬೇಕಾದ ಸಂಗತಿಯೆಂದರೆ, ದೀಪಗಳ ಖರ್ಚಿಗೆಂದೇ 12 ನಿವರ್ತನ ಭೂಮಿಯನ್ನು ಬಿಟ್ಟುಕೊಟ್ಟದ್ದು. ನಿವರ್ತನವೆಂಬುದು ಆ ಕಾಲದ ನೆಲದ ಅಳತೆ. ಊರಿನವರು ಮದುವೆ, ಉಪನಯನಗಳ ಸಮಯದಲ್ಲಿ ಶಾಲೆಗೆ ಕೊಡಬೇಕಾದ ಕಾಣಿಕೆಯನ್ನೂ ಗೊತ್ತುಮಾಡಲಾಗಿತ್ತು. ದಾನಿಗಳು ಕಟ್ಟಡವನ್ನು ಕೊಟ್ಟು ಕೈತೊಳೆದುಕೊಳ್ಳಲಿಲ್ಲ. ಮುಂದಿನ ವರ್ಷದ ರಾತ್ರಿಗಳಲ್ಲಿ ದೀಪಕ್ಕೆ ಎಣ್ಣೆ ಎಲ್ಲಿಂದ ಬರಬೇಕೆಂಬುದನ್ನೂ ಅಂದೇ ಕಲ್ಲಿನ ಮೇಲೆ ಬರೆಯಿಸಿದರು. ಶಾಲೆ ಕಟ್ಟುವ ದಿನವೇ ಎಣ್ಣೆಯ ಚಿಂತೆ ಮಾಡಿದವರ ಈ ದೂರದೃಷ್ಟಿ, ಗೋಡೆಯ ಮೇಲಿನ ಒಂದು ಚಿಕ್ಕ ಪತ್ರಿಕೆಗೂ ಬೇಕು.

ವಿಜಯಪುರದಲ್ಲಿ ಫ.ಗು. ಹಳಕಟ್ಟಿಯವರು ವಚನ ಸಾಹಿತ್ಯಕ್ಕಾಗಿ 1926ರಲ್ಲಿ ‘ಶಿವಾನುಭವ’ ಪತ್ರಿಕೆಯನ್ನು ಆರಂಭಿಸಿದರು. ಸಂಗ್ರಹ, ಸಂಪಾದನೆ, ಮುದ್ರಣ ಇವುಗಳ ಭಾರವನ್ನೆಲ್ಲ ತಾವೇ ಹೊತ್ತು ಅದನ್ನು ದೀರ್ಘಕಾಲ ನಡೆಸಿದರು. ಅಂಥವರ ಹೆಸರನ್ನು ಕೇಳಿದ ವಿದ್ಯಾರ್ಥಿಗಳು, ಒಬ್ಬರ ಛಲವಿದ್ದರೆ ಸಾಕು, ಪತ್ರಿಕೆ ನಡೆಯುವುದೆಂದು ತಿಳಿಯಬಹುದು. ಆದರೆ ಹಳಕಟ್ಟಿಯವರು ತಮ್ಮ ಬಾಳನ್ನೇ ಅದಕ್ಕೆ ಕೊಟ್ಟವರು. ಕಾಲೇಜಿನ ವಿದ್ಯಾರ್ಥಿ ಅಲ್ಲಿರುವುದು ಕೆಲವೇ ವರ್ಷ. ಅವನು ಎಷ್ಟು ಸಮರ್ಥನಾಗಿರುತ್ತಾನೋ, ಹೋದಾಗ ಉಳಿಯುವ ಶೂನ್ಯವೂ ಅಷ್ಟೇ ದೊಡ್ಡದಾಗಿರುತ್ತದೆ.

ಕಾಲೇಜಿನಲ್ಲಿ ಹುಟ್ಟಿದ ಪತ್ರಿಕೆಯೊಂದು ಬಾಳಿದ ಉದಾಹರಣೆ ಬೇರೆಡೆ ಇದೆ. ಬೆಂಗಳೂರಿನ ಸೆಂಟ್ರಲ್ ಕಾಲೇಜಿನ ಕರ್ಣಾಟಕ ಸಂಘದಿಂದ 1919ರಲ್ಲಿ ‘ಪ್ರಬುದ್ಧ ಕರ್ಣಾಟಕ’ ಹೊರಟಿತು. ಅದನ್ನು ಹೊರಡಿಸಿದವರು ಅಲ್ಲಿ ಅಧ್ಯಾಪಕರಾಗಿದ್ದ ಎ.ಆರ್. ಕೃಷ್ಣಶಾಸ್ತ್ರಿಗಳು. ಮುಂದೆ ಅದರ ಭಾರವನ್ನು ಮೈಸೂರು ವಿಶ್ವವಿದ್ಯಾನಿಲಯ ವಹಿಸಿಕೊಂಡಿತು. ಆ ಪತ್ರಿಕೆ ಒಬ್ಬರ ಕೈಯಿಂದ ಒಂದು ಸಂಸ್ಥೆಯ ಕೈಗೆ ದಾಟಿದುದರಿಂದ ತನ್ನನ್ನು ಆರಂಭಿಸಿದವರ ಕಾಲದ ನಂತರವೂ ಉಳಿಯಿತು. ವಿಭಾಗದ ಗೋಡೆಯ ಪತ್ರಿಕೆಗೆ ವಿಶ್ವವಿದ್ಯಾನಿಲಯದ ಆಸರೆ ಬೇಕಾಗಿಲ್ಲ. ಆದರೆ ಕೈಯಿಂದ ಕೈಗೆ ದಾಟಿಸುವ ಏರ್ಪಾಡು ಬೇಕು. ಎರಡನೆಯ ವರ್ಷದ ಇಬ್ಬರು ಸಂಪಾದಕರಾದರೆ, ಮೊದಲನೆಯ ವರ್ಷದ ಇಬ್ಬರು ಅವರ ಸಹಾಯಕರಾಗಿರಬೇಕು. ಮರುವರ್ಷ ಸಹಾಯಕರೇ ಸಂಪಾದಕರಾಗುವರು. ಹಳೆಯ ಸಂಪಾದಕರು ಕೊನೆಯ ವರ್ಷವೆಲ್ಲ ಅಲ್ಲಿಯೇ ಇರುವುದರಿಂದ ಕೇಳಿದ್ದಕ್ಕೆ ಹೇಳಿಕೊಡಬಲ್ಲರು. ಯಾರು ಬರಹ ಕೊಟ್ಟರು, ಏನನ್ನು ಏಕೆ ಬಿಡಲಾಯಿತು, ಎಷ್ಟು ಖರ್ಚಾಯಿತು ಎಂಬುದನ್ನೆಲ್ಲ ಒಂದು ದಪ್ಪ ನೋಟುಪುಸ್ತಕದಲ್ಲಿ ಬರೆಯುತ್ತ ಹೋಗಬೇಕು. ಗೋಡೆಯಿಂದ ಇಳಿಸಿದ ಹಾಳೆಗಳನ್ನು ವರ್ಷದ ಕೊನೆಗೆ ಹೊಲಿಸಿ ಗ್ರಂಥಾಲಯದಲ್ಲಿಡಬೇಕು.

ಇಷ್ಟನ್ನು ಯೋಚಿಸಿ ವಿದ್ಯಾರ್ಥಿನಿಯು ಬರೆದ ಎರಡನೆಯ ಪತ್ರ ಹೀಗಿತ್ತು:

“ಕನ್ನಡ ವಿಭಾಗದ ಮುಖ್ಯಸ್ಥರ ಸನ್ನಿಧಿಗೆ,

ಮಾನ್ಯರೆ,

ವಿಷಯ: ವಿದ್ಯಾರ್ಥಿಗಳು ನಡೆಸುವ ಭಿತ್ತಿಪತ್ರಿಕೆಗೆ ಒಂದು ಸೆಮಿಸ್ಟರಿನ ಮಟ್ಟಿಗೆ ಅನುಮತಿ ಕೋರಿ.

ವಿಭಾಗದ ಬಾಗಿಲ ಬಳಿಯಿರುವ ಹಲಗೆಯ ಮೇಲೆ ಆಗಸ್ಟ್, ಸೆಪ್ಟೆಂಬರ್, ಅಕ್ಟೋಬರ್ ತಿಂಗಳುಗಳಲ್ಲಿ ಒಂದೊಂದು ಸಂಚಿಕೆಯನ್ನು ಹಾಕಬೇಕೆಂದು ನಾವು 24 ಮಂದಿ ಯೋಚಿಸಿದ್ದೇವೆ. ಪ್ರತಿ ಸಂಚಿಕೆಗೆ ಎಂಟು ಪುಟ. ಪ್ರತಿಯೊಬ್ಬರದೂ ಒಂದು ಪುಟ. ಯಾರು ಯಾವ ತಿಂಗಳು ಬರೆಯುವರೆಂಬ ಪಟ್ಟಿಯನ್ನು ಎಲ್ಲರ ಸಹಿಯೊಡನೆ ಇದರ ಜೊತೆಗಿಟ್ಟಿದ್ದೇವೆ. ಪರೀಕ್ಷೆಯ ತಿಂಗಳಲ್ಲಿ ಸಂಚಿಕೆ ಇರುವುದಿಲ್ಲ.

ಎಲ್ಲ ಬರಹಗಳನ್ನೂ ಇಬ್ಬರು ಸಂಪಾದಕರು ಓದುತ್ತೇವೆ. ಬದುಕಿರುವವರ ವಿಷಯವನ್ನೂ ಕಾಲೇಜಿನ ಮೇಲಿನ ದೂರನ್ನೂ ಒಳಗೊಂಡ ಪುಟಗಳನ್ನು ತಮಗೆ ಮೊದಲೇ ತೋರಿಸುತ್ತೇವೆ. ಯಾವುದಾದರೂ ಬೇಡವೆಂದು ತೋರಿದರೆ ಕಾರಣವನ್ನು ಒಂದು ಸಾಲಿನಲ್ಲಿ ಬರೆದುಕೊಡಬೇಕೆಂದು ಬೇಡಿಕೊಳ್ಳುತ್ತೇವೆ. ಅದರಿಂದ ನಾವು ಕಲಿಯುತ್ತೇವೆ. ತಪ್ಪುಗಳನ್ನು ಮುಂದಿನ ಸಂಚಿಕೆಯಲ್ಲಿ ಅದೇ ಜಾಗದಲ್ಲಿ ತಿದ್ದುತ್ತೇವೆ.

ಹಾಳೆ, ಶಾಯಿ, ಅಂಟುಗಳಿಗೆ ಸಂಚಿಕೆಗೆ ನೂರು ರೂಪಾಯಿಯನ್ನು ಮೀರದಂತೆ ನಾವೇ ಕೂಡಿಸಿಕೊಳ್ಳುತ್ತೇವೆ. ತಮ್ಮಿಂದ ಕೋರುವುದು ಹಲಗೆಯನ್ನು ಬಳಸುವ ಅನುಮತಿ, ಬೀರುವಿನಲ್ಲಿ ಒಂದು ಅರೆ, ತಿಂಗಳಿಗೊಮ್ಮೆ ಅರ್ಧ ಗಂಟೆಯ ಸಮಯ. ಮೊದಲನೆಯ ವರ್ಷದ ಇಬ್ಬರು ನಮ್ಮೊಡನೆ ಕೆಲಸ ಕಲಿತು ಮುಂದಿನ ವರ್ಷ ನಡೆಸಲು ಒಪ್ಪಿದ್ದಾರೆ.

ಎರಡು ಸಂಚಿಕೆಗಳು ಒಂದರ ಮೇಲೊಂದು ವಾರಕ್ಕಿಂತ ಹೆಚ್ಚು ತಡವಾದರೆ ನಾವೇ ನಿಲ್ಲಿಸಿ, ಹಲಗೆಯನ್ನು ತೆರವುಮಾಡಿಕೊಡುತ್ತೇವೆ. ಮೂರು ಸಂಚಿಕೆಗಳನ್ನು ನೋಡಿದ ಮೇಲೆ ಮುಂದುವರಿಸುವ ವಿಷಯವನ್ನು ತಾವು ನಿರ್ಧರಿಸಬಹುದು.

ಇಂತಿ ತಮ್ಮ ವಿಧೇಯ ವಿದ್ಯಾರ್ಥಿನಿ.”

ಈ ಪತ್ರದಲ್ಲಿ ಸಾಹಿತ್ಯದ ಹೊಗಳಿಕೆ ಒಂದು ಸಾಲೂ ಇಲ್ಲ. ಪ್ರತಿಭೆಯೆಂಬ ಮಾತೂ ಇಲ್ಲ. ಆದರೂ ಮೊದಲ ಪತ್ರಕ್ಕಿಂತ ಇದರಲ್ಲಿ ಗುರುಗಳ ಮೇಲಿನ ಗೌರವ ಹೆಚ್ಚಾಗಿ ಕಾಣುತ್ತದೆ. ಏಕೆಂದರೆ ಅವರ ಸಮಯಕ್ಕೂ ಹೊಣೆಗೂ ಇದು ಬೆಲೆ ಕೊಟ್ಟಿದೆ. ಅನುಮತಿಯನ್ನು ಶಾಶ್ವತವಾಗಿ ಬೇಡದೆ ಮೂರು ಸಂಚಿಕೆಗಳ ಮಟ್ಟಿಗೆ ಬೇಡಿದುದೂ ಉಚಿತವಾಗಿದೆ. ಶಾಶ್ವತವಾಗಿ ಒಪ್ಪಲು ಹಿಂಜರಿಯುವವರೂ ಮೂರು ತಿಂಗಳಿಗೆ ಒಪ್ಪಬಲ್ಲರು. ಕೆಲಸ ಕೆಟ್ಟರೆ ನಿಲ್ಲಿಸುವ ಮಾತನ್ನು ತಾವೇ ಮೊದಲು ಆಡಿದವರನ್ನು ನಂಬುವುದೂ ಸುಲಭ.

ಇಷ್ಟಾದರೂ ಮುಖ್ಯಸ್ಥರು ಒಪ್ಪದಿರಬಹುದು. ಹಲಗೆ ಬೇರೆ ಕೆಲಸಕ್ಕೆ ಬೇಕಾಗಿರಬಹುದು. ಕಾಲೇಜಿನಲ್ಲಿ ಆ ವರ್ಷ ಏನೋ ಕಲಹ ನಡೆದು, ದೂರಿನ ಪುಟವೆಂದರೆ ಅವರಿಗೆ ಅಂಜಿಕೆಯಿರಬಹುದು. ಒಳ್ಳೆಯ ಪತ್ರ ಒಪ್ಪಿಗೆಯನ್ನು ಖಂಡಿತವಾಗಿ ತರುತ್ತದೆಂದು ಹೇಳಲಾಗದು. ಆದರೆ ಅದು “ನೋಡೋಣ” ಎಂಬ ಮಾತಿಗೆ ಎಡೆಗೊಡುವುದಿಲ್ಲ. ಅದರಲ್ಲಿ ಇಂಥ ಅಂಶ ಬೇಡ, ಇಂಥದು ಇರಲಿ ಎಂದು ಬೆರಳಿಟ್ಟು ಹೇಳಬಹುದು. ದೂರಿನ ಪುಟವನ್ನು ಸದ್ಯಕ್ಕೆ ಬಿಡಿರಿ, ಉಳಿದುದನ್ನು ನಡೆಸಿರಿ ಎಂದು ಅವರು ಹೇಳಿದರೆ ವಿದ್ಯಾರ್ಥಿಗಳು ಒಪ್ಪಿಕೊಂಡು ಆರಂಭಿಸುವುದು ಒಳಿತು. ಹೊತ್ತಿಗೆ ಸರಿಯಾಗಿ ಬಂದ ಮೂರು ಸಂಚಿಕೆಗಳನ್ನು ಮುಂದಿಟ್ಟುಕೊಂಡು, ಆ ಪುಟವನ್ನು ಮತ್ತೆ ಕೇಳಬಹುದು. ಆ ಎರಡನೆಯ ಮನವಿಗೆ ಹೆಚ್ಚು ಮಾತುಗಳು ಬೇಕಾಗುವುದಿಲ್ಲ. ಗ್ರಂಥಾಲಯದ ಬಾಗಿಲಲ್ಲಿ ಇನ್ನೂ ಕಾಯುತ್ತಿರುವ ಬಸ್ಸಿನ ಹುಡುಗನ ಆ ಪುಟವನ್ನು ಜೊತೆಗಿಟ್ಟರೆ ಸಾಕು.